"ಸರ್ಫೇಸ್ ಓವರ್‌ಫ್ಲೋ ರೇಟ್" ಬೋರ್ಡಿನ ಮ್ಯಾಲೆ ಏನಂತ ಬರೀಬೇಕ್ರಿ?

ಹಾವೇರಿಯಿಂದ:
ನಮಸ್ಕಾರ್ರಿ. ನಮ್ಮೂರ ನೀರು ಶುದ್ಧೀಕರಣ ಘಟಕದಾಗ ಗಸಿ ಕೂಡೋ ಟ್ಯಾಂಕಿಗೆ ಕನ್ನಡ ಬೋರ್ಡ್ ಬರಸ್ಬೇಕಾಗೇತಿ, ಪೇಂಟರ್ ನಾಳೆ ಮುಂಜಾನೆ ಬರ್ತಾನ. ದಿನಕ್ಕ 40 ಲಕ್ಷ ಲೀಟರ್ ನೀರು, ಸರ್ಫೇಸ್ ಓವರ್‌ಫ್ಲೋ ರೇಟ್ 30, ಡಿಟೆನ್ಷನ್ ಟೈಮ್ ಎರಡೂವರಿ ತಾಸು. ಯಾರೋ ಡಿಕ್ಷನರಿ ನೋಡಿ "ಮೇಲ್ಮೈ ಉಕ್ಕಿ ಹರಿಯುವ ದರ", "ಬಂಧನದ ಅವಧಿ" ಅಂತ ಕೊಟ್ಟಾರ. ನೀರನ್ನ ಠಾಣೆದಾಗ ಕೂಡಿಸಿದಂಗ ಆಗೇತಿ.

ಹುಬ್ಬಳ್ಳಿಯಿಂದ:
ನಮ್ಮನಿ ಮಾಳಿಗಿ ಟ್ಯಾಂಕೂ ಹಂಗ ಉಕ್ಕತಿತ್ತು, ಫ್ಲೋಟ್ ವಾಲ್ವ್ ಬದಲಿಸಿದ ಮ್ಯಾಲೆ ನಿಂತ್ತು ನೋಡ್ರಿ.

ಧಾರವಾಡದಿಂದ:
ಕೇಳಿದ್ದು ಪದ, ವಾಲ್ವ್ ಅಲ್ಲ. ಟ್ಯಾಂಕ್ ಯಾಕ, "ತಿಳಿಗೊಳ" ಅನ್ರಿ. ತಿಳಿ ಅಂದ್ರ ನೀರು ಸ್ವಚ್ಛ ಆಗೋದೂ ಹೌದು, ಅರಿವಾಗೋದೂ ಹೌದು, ತಮಿಳಿನಾಗೂ ತೆಳಿ ಐತಿ. ದರ, ಅವಧಿ ಎರಡೂ ಎರವಲು. ಡಿಟೆನ್ಷನ್‌ಗೆ "ತಂಗುಹೊತ್ತು".

ಗದಗದಿಂದ:
ತಂಗುಹೊತ್ತು ಚಲೋ ಐತಿ. ಆದ್ರ ಆ 30 ಏನಂತ ಮೊದ್ಲ ನೋಡ್ರಿ, ಟ್ಯಾಂಕಿನ ಒಂದೊಂದು ಚದರ ಮೀಟರಿಗೆ ದಿನಕ್ಕ 30 ಘನ ಮೀಟರ್ ನೀರು ಅಂತ. 4000 ಘನ ಮೀಟರನ್ನ 30ರಿಂದ ಭಾಗಿಸಿದ್ರ 133 ಚದರ ಮೀಟರ್, ಅಂದ್ರ 13 ಮೀಟರ್ ಅಡ್ಡಳತಿಯ ಗುಂಡನ ಟ್ಯಾಂಕ್. ಎರಡೂವರಿ ತಾಸಿನ ನೀರು 417 ಘನ ಮೀಟರ್, ಹಂಗಾಗಿ ಆಳ 3.1 ಮೀಟರ್, ಹೂಳಿನ ಜಾಗಾ ಬ್ಯಾರೆ. ಅಸಲಿಗೆ 30 ಒಂದು ವೇಗ, ನೀರು ತಾಸಿಗೆ 1.25 ಮೀಟರ್ ಮ್ಯಾಲೇರಿದಂಗ ಲೆಕ್ಕ. ಅದಕ್ಕಿಂತ ಜೋರು ಇಳಿಯೋ ಗಸಿ ತಳಕ್ಕ ಕೂಡತೈತಿ, ಸಾವಕಾಶ ಇಳಿಯೋದರಾಗ ಬಾಳಷ್ಟು ನೀರಿನ ಜೋಡಿ ಅಂಚಿನ ಕಾಲುವಿಗೆ ಹೋಗ್ತೈತಿ. ಅದಕ್ಕ ನಾ "ನೀರೇರುವೇಗ" ಅಂತೀನಿ.

ಧಾರವಾಡದಿಂದ:
ಅರಿಸಮಾಸ. ಬ್ಯಾಡ.

ಹುಬ್ಬಳ್ಳಿಯಿಂದ:
ಎರಡು ಪದ ಯಾಕ್ರಿ? ಆಳ ಮಾಡಿದ್ರ ನೀರು ಹೆಚ್ಚು ಹೊತ್ತು ನಿಂದರತೈತಿ, ಗಸಿ ತಾನ ಕೂಡತೈತಿ. ತಂಗುಹೊತ್ತು ಒಂದ ಸಾಕು.

ಗದಗದಿಂದ:
ಅರ್ಧ ಖರೆ. ತುರಟಿ ಹಾಕಿದ ನೀರಿನಾಗ ಗಸಿ ಒಂದಕ್ಕೊಂದು ಅಂಟಿ ದಪ್ಪ ಆಗಾಕ ಹೊತ್ತು ಬೇಕು, ಅಷ್ಟರ ಮಟ್ಟಿಗೆ ಲಾಭ. ಆದ್ರ ಆಳ ಎರಡ್ಪಟ್ಟಾದ್ರ ಇಳಿಯೋ ದೂರನೂ ಎರಡ್ಪಟ್ಟು, ಅಗಲ ಹೆಚ್ಚಾಗ್ದ ನೀರೇರೋ ವೇಗ ಇಳಿಯಂಗಿಲ್ಲ. ಹಾವೇರಿಯವ್ರ, ಪಂಪ್ ಎಷ್ಟು ತಾಸು ನಡೀತೈತ್ರಿ?

ಹಾವೇರಿಯಿಂದ:
ಕರೆಂಟ್ ಇದ್ದಷ್ಟು, 16 ತಾಸು ಹಿಡೀರಿ. ಮಳಿಗಾಲದಾಗ ತುಂಗಭದ್ರಾದ ರಾಡಿ ನೀರು ಬಂದಾಗ ಹತ್ತಿ ಅರಳಿದಂಥಾದ್ದು ಅಂಚು ದಾಟಿ ಬರ್ತೈತಿ, ತುರಟಿ ಹೆಚ್ಚಿಗಿ ಹಾಕಿದ್ರೂ ಅಷ್ಟ.

ಗದಗದಿಂದ:
ಸಿಕ್ಕಿತಲ್ರಿ. 16 ತಾಸಿನಾಗ 4000 ಅಂದ್ರ ತಾಸಿಗೆ 250. ಮ್ಯಾಲೇರೋ ವೇಗ ಸುಮಾರು 1.9 ಆತು, ಎರಡೂವರಿ ತಾಸು ಒಂದು ತಾಸು ನಲವತ್ತು ನಿಮಿಷಕ್ಕ ಇಳೀತು, ನಿಮ್ಮ 30 ಖರೆ 45. ಟ್ಯಾಂಕಿಗೆ ಒಳಗ ಬರೋ ನೀರನ್ನ ಗಾಜಿನ ಲೋಟಾದಾಗ ಹಿಡದು ಅಲ್ಲಾಡಿಸ್ದ ಇಡ್ರಿ. ಲೋಟಾದಾಗ ಲಗೂನ ತಿಳಿಯಾಗಿ, ಅಂಚಿನ ಕಾಲುವ್ಯಾಗ ರಾಡಿ ಇದ್ರ, ತುರಟಿದು ತಪ್ಪಲ್ಲ.

ಧಾರವಾಡದಿಂದ:
ತುರಟಿ ಮರಾಠಿ. ಪಟಿಕ ಅನ್ರಿ.

ಗದಗದಿಂದ:
ಪಟಿಕ ಸಂಸ್ಕೃತದ ಸ್ಫಟಿಕದಿಂದ ಬಂದದ್ದು. ಎರವಲು ಬ್ಯಾಡ ಅಂದ್ರ ಅದನ್ನೂ ಬಿಡ್ರಿ, ಮೇಷ್ಟ್ರ.

ಹಾವೇರಿಯಿಂದ:
ತಂಗುಹೊತ್ತು, ನೀರೇರೋ ವೇಗ ಬರಸ್ತೀನಿ. 30 ಬರೀಲೋ 45 ಬರೀಲೋ ಸಾಹೇಬ್ರನ್ನ ಕೇಳ್ಬೇಕು, ಪೇಂಟರಿಗೆ ಆ ಜಾಗಾ ಖಾಲಿ ಬಿಡಂತ ಹೇಳೀನಿ.