ಈಚ್, ಎವ್ರಿವನ್ ಇದ್ದಲ್ಲಿ ‘ದೇರ್’ ಬಂದ್ರ ತಪ್ಪೇನ್ರಿ? ಸ್ಪಾಟಿಂಗ್ ಎರರ್ ಚರ್ಚೆ

ನವನಗರ ಲೈಬ್ರರಿ, ಬಾಗಲಕೋಟೆ
ಮಾಕ್ ಟೆಸ್ಟ್‌ನಾಗ ಹಿಂಗ ಬಂದಿತ್ರಿ: “ಈಚ್ ಆಫ್ ದಿ ಕ್ಯಾಂಡಿಡೇಟ್ಸ್ / ವಾಸ್ ಆಸ್ಕ್ಡ್ ಟು ಬ್ರಿಂಗ್ / ದೇರ್ ಓನ್ ಪೆನ್ / ನೋ ಎರರ್”. ನಾ ನೋ ಎರರ್ ಹಾಕಿದೆ, ಕೀದಾಗ ಮೂರನೇ ಭಾಗ ತಪ್ಪು ಅಂತ ಕೊಟ್ಟಾರ. ಇಂಗ್ಲಿಷ್ ಪೇಪರ್‌ನಾಗ ದಿನಾ ಎವ್ರಿವನ್ ಜೋಡಿ ದೇರ್ ಓದ್ತೀನಿ. ಹಂಗಾರ ಎಸ್‌ಎಸ್‌ಸಿ ಒಳಗ ಏನ್ ಟಿಕ್ ಮಾಡೂದ್ರಿ?

ಜಮಖಂಡಿ ಹುಡುಗ
ಇದರಾಗ ಡೌಟ್ ಪಡೂದು ಏನೂ ಇಲ್ಲ ಅಣ್ಣಾ. ಈಚ್, ಎವ್ರಿವನ್, ಎವ್ರಿಬಡಿ, ಎನಿವನ್ ಎಲ್ಲಾ ಸಿಂಗ್ಯುಲರ್. ಹಿಂದ ಸಿಂಗ್ಯುಲರ್ ಇದ್ರ ಮುಂದ ಹಿಸ್ ಬರ್ಬೇಕು. ದೇರ್ ಕಂಡ ಕೂಡ್ಲೇ ಅದನ್ನ ಟಿಕ್ ಮಾಡಿ ಮುಂದಿನ ಪ್ರಶ್ನೆಗೆ ಹೋಗೂದು, ಹತ್ತ ಸೆಕೆಂಡ್ ಕೆಲಸ. ನಾ ಹಿಂಗ ಮಾಡೇ ಟೈಮ್ ಉಳಸ್ತೀನಿ.

ಇಂಡಿ ಲಿಂಬು
ಸ್ಪೆಲಿಂಗ್ ಸರಿಯಾಗಿ ನೋಡೀರೇನ್ರಿ? ‘ಅಲ್ಲಿ’ ಅನ್ನೋ ದೇರ್ ಬ್ಯಾರೆ ಅದ, ‘ಅವರ’ ಅನ್ನೋ ದೇರ್ ಬ್ಯಾರೆ ಅದ. ನನಗ ಅದರಾಗ ಎರಡು ಸಲ ಮಾರ್ಕ್ಸ್ ಹೋಗ್ಯಾವ, ಓದೂಮುಂದ ಎರಡೂ ಒಂದ ಥರಾ ಕೇಳಸ್ತಾವ.

ನವನಗರ ಲೈಬ್ರರಿ, ಬಾಗಲಕೋಟೆ
ಇಲ್ರಿ, ಸ್ಪೆಲಿಂಗ್ ಸರಿ ಐತಿ. ‘ಅವರ’ ಅನ್ನೋದೇ ಐತಿ.

ಟಿಳಕವಾಡಿ ಟೀಚರ್
ಜಮಖಂಡಿ ತಮ್ಮಾ, ನಿನ್ನ ರೂಲ್ ಇಟ್ಕೊಂಡು ಈ ಪ್ರಶ್ನೆ ಬಿಡಸಿ ತೋರಿಸು: “ಎವ್ರಿವನ್ ಹೂ ಹ್ಯಾಸ್ ಪೇಯ್ಡ್ ದಿ ಫೀ / ನೀಡ್ ಟು ಕಲೆಕ್ಟ್ / ದೇರ್ ಹಾಲ್ ಟಿಕೆಟ್ / ನೋ ಎರರ್”.

ಜಮಖಂಡಿ ಹುಡುಗ
ಮೂರನೇದು ರೀ ಮೇಡಂ. ದೇರ್ ತಗದು ಹಿಸ್.

ಟಿಳಕವಾಡಿ ಟೀಚರ್
ಇಲ್ಲ ನೋಡು, ಇದಕ್ಕ ಉತ್ತರ ಎರಡನೇ ಭಾಗ. ಎವ್ರಿವನ್ ಸಿಂಗ್ಯುಲರ್ ಅಂತ ನೀನ ಹೇಳಿದಿ, ಅಂದಮ್ಯಾಲ ಅದರ ವರ್ಬ್ ‘ನೀಡ್ಸ್’ ಆಗ್ಬೇಕು. ನಡುವ ‘ಹೂ ಹ್ಯಾಸ್ ಪೇಯ್ಡ್ ದಿ ಫೀ’ ಅಂತ ಬಂದು ಸಬ್ಜೆಕ್ಟ್ ಮತ್ತ ವರ್ಬ್ ದೂರ ದೂರ ಆಗ್ಯಾವ, ಅದಕ್ಕ ಕಣ್ಣಿಗೆ ಬೀಳೂದಿಲ್ಲ. ನೀ ದೇರ್ ಕಂಡಿ, ಅಲ್ಲೇ ನಿಂತಿ, ಎರಡನೇ ಭಾಗ ಓದಲೇ ಇಲ್ಲ.

ಎವ್ರಿವನ್ ಮುಂದ ವರ್ಬ್ ಸಿಂಗ್ಯುಲರ್ ಇರ್ಬೇಕು ಅನ್ನೂದರಾಗ ಯಾರಿಗೂ ತಕರಾರಿಲ್ಲ, ಹೊಸಾ ಪದ್ಧತಿಯವರೂ ಒಪ್ತಾರ, ಹಳೇ ಪದ್ಧತಿಯವರೂ ಒಪ್ತಾರ. ‘ಎವ್ರಿವನ್ ಹ್ಯಾವ್’ ಅಂತ ಯಾರೂ ಬರ್ಯೂದಿಲ್ಲ. ತಕರಾರು ಇರೂದು ಪ್ರೊನೌನ್ ಮ್ಯಾಲ ಅಷ್ಟ. ಹಿಂಗಾಗಿ ಒಂದು ವಾಕ್ಯದಾಗ ಖಾತ್ರಿ ತಪ್ಪು ಒಂದು, ತಕರಾರಿಂದು ಒಂದು ಇದ್ರ ಪ್ರಶ್ನೆ ತಗದಾವ ಖಾತ್ರಿ ಇದ್ದದ್ದನ್ನ ಇಟ್ಟಿರ್ತಾನ. ಅದಕ್ಕ ಮೊದಲು ವರ್ಬ್ ನೋಡ್ರಿ, ಆಮ್ಯಾಲ ಪ್ರಿಪೊಸಿಷನ್, ಆರ್ಟಿಕಲ್ ನೋಡ್ರಿ, ಎಲ್ಲಾ ಸ್ವಚ್ಛ ಐತಿ ಅಂದಾಗ ಮಾತ್ರ ದೇರ್ ಮ್ಯಾಲ ಬೆರಳು ಇಡ್ರಿ. ನವನಗರದವರ ವಾಕ್ಯದಾಗ ‘ವಾಸ್’ ಸರಿ ಐತಿ, ‘ಆಸ್ಕ್ಡ್ ಟು ಬ್ರಿಂಗ್’ ಸರಿ ಐತಿ, ಬ್ಯಾರೆ ಎಲ್ಲೂ ತಪ್ಪಿಲ್ಲ. ಅಂದ್ರ ಆ ವಾಕ್ಯ ಬರದಿದ್ದೇ ದೇರ್ ಸಲುವಾಗಿ, ಅದಕ್ಕ ಕೀ ಮೂರನೇ ಭಾಗ ಅಂತೈತಿ.

ಗೋಳಗುಮ್ಮಟ ನೆರಳು
ಮೇಡಂ, ಕೀ ಹಂಗ ಅಂತದ ಅಂದ್ರ ಅದು ಸರಿ ಆಗಂಗಿಲ್ಲ. ದೇ ಅನ್ನೂದನ್ನ ಒಬ್ಬರಿಗೆ ಬಳಸೂದು ಇಂಗ್ಲಿಷ್‌ನಾಗ 14ನೇ ಶತಮಾನದಿಂದ ಅದ. ‘ಹಿಸ್ ಅಷ್ಟ ಬರೀರಿ’ ಅನ್ನೂದು 18ನೇ ಶತಮಾನದ ಗ್ರಾಮರ್‌ದವರು ಹೇರಿದ್ದು. 2019ರಾಗ ಮೆರಿಯಮ್ ವೆಬ್‌ಸ್ಟರ್ ಡಿಕ್ಷನರಿಯವರು ವರ್ಷದ ಪದ ಅಂತ ದೇ ಆರಿಸ್ಯಾರ, ಅದ ವರ್ಷ ಬಂದ ಎಪಿಎ ಸ್ಟೈಲ್‌ನ 7ನೇ ಆವೃತ್ತಿ ರಿಸರ್ಚ್ ಪೇಪರ್‌ನಾಗೂ ಹಂಗ ಬರೀರಿ ಅಂತದ. ಕ್ಯಾಂಡಿಡೇಟ್ಸ್ ಒಳಗ ಹುಡುಗ್ಯಾರೂ ಇರ್ತಾರಲ್ರಿ, ಅವರಿಗೆಲ್ಲಾ ಹಿಸ್ ಅನ್ನೂದು ಯಾವ ನ್ಯಾಯ? ನಾ ಆಗಿದ್ರ ನೋ ಎರರ್ ಹಾಕಿ ಅಬ್ಜೆಕ್ಷನ್ ಹಾಕ್ತಿದ್ದೆ.

ಕಣದಾಳ ಕ್ರಾಸ್ ವಕೀಲ
ಹಿಸ್ ಅಂದ್ರ ಹೆಣ್ಣಮಕ್ಕಳೂ ಬರ್ತಾರ ಅನ್ನೂದು ನಮ್ಮ ಕಾನೂನಿನ್ಯಾಗೂ ಅದ. 1897ರ ಜನರಲ್ ಕ್ಲಾಸಸ್ ಆಕ್ಟ್, ಸೆಕ್ಷನ್ 13, ಪುಲ್ಲಿಂಗದ ಪದ ಇದ್ರ ಸ್ತ್ರೀಯರನ್ನೂ ಸೇರಿಸಿ ಓದ್ಬೇಕು ಅಂತದ, ಸಂದರ್ಭ ಬ್ಯಾರೆ ಹೇಳದಿದ್ರ. ಹಳೇ ಕಾಯ್ದೆ ತುಂಬ ‘ಹಿ’ನ ಕಾಣ್ತದ. ಪ್ರಶ್ನೆ ತಗಿಯೋವರು ಆ ಕಾಲದ ಗ್ರಾಮರ್ ಓದಿದವರು, ಅವರಿಗೆ ಅದ ರೂಢಿ.

ಟಿಳಕವಾಡಿ ಟೀಚರ್
ಗೋಳಗುಮ್ಮಟದವರು ಭಾಷಾ ಬಗ್ಗೆ ಹೇಳಿದ್ದು ಖರೇ ಐತಿ, ನಾನೂ ಪತ್ರ ಬರಿಯೂಮುಂದ ದೇರ್ ಅಂತನ ಬರೀತೀನಿ. ಆದ್ರ ಹುಡುಗರ ಮುಂದ ಇರೂದು ಒಂದು ಕೀ, ಅದು ಯಾರ ಪುಸ್ತಕದ ಮ್ಯಾಲ ನಿಂತೈತಿ ಅಂತ ಗೊತ್ತಿರ್ಬೇಕು. ಆಮ್ಯಾಲ ಇನ್ನೊಂದು ಮಾತು, ದೇರ್ ಅಂದ್ರ ಎಲ್ಲಾ ಕಡೆ ಒಪ್ತಾರ ಅಂತನೂ ಇಲ್ಲ, ಹಿಸ್ ಅಂದ್ರ ಯಾವಾಗಲೂ ನಡೀತೈತಿ ಅಂತನೂ ಇಲ್ಲ.

“ಈಚ್ ಆಫ್ ದಿ ಗರ್ಲ್ಸ್ / ಇನ್ ದಿ ಹಾಸ್ಟೆಲ್ / ಹ್ಯಾಸ್ ಲಾಕ್ಡ್ ದೇರ್ ರೂಮ್ / ನೋ ಎರರ್”. ಇಲ್ಲಿ ಗರ್ಲ್ಸ್ ಅಂತ ಬಾಯಿಬಿಟ್ಟು ಹೇಳ್ಯಾರ, ಹರ್ ಅನ್ನೂ ಪದ ಕೈಯಾಗ ಐತಿ, ಹೆಣ್ಣೋ ಗಂಡೋ ಅನ್ನೂ ತೊಡಕ ಇಲ್ಲ. ಹಿಂಗಿದ್ದಾಗ ಮೂರನೇ ಭಾಗ ಟಿಕ್ ಮಾಡಾಕ ಅಂಜಬ್ಯಾಡ್ರಿ. ಕ್ಯಾಂಡಿಡೇಟ್ಸ್, ಸ್ಟೂಡೆಂಟ್ಸ್, ಎಂಪ್ಲಾಯೀಸ್ ಅಂತ ಬಂದಾಗ ಮಾತ್ರ ತಕರಾರು.

ಜಮಖಂಡಿ ಹುಡುಗ
ಮೇಡಂ, ಹಿಸ್ ಎಲ್ಲಿ ನಡ್ಯಂಗಿಲ್ಲ ಅದನ್ನ ಹೇಳ್ರಿ. ನಾ ಎರಡು ವರ್ಷದಿಂದ ಹಿಂಗ ಓದಕೊಂಡ ಬಂದೀನಿ.

ಟಿಳಕವಾಡಿ ಟೀಚರ್
ಕ್ವೆಶ್ಚನ್ ಟ್ಯಾಗ್ ತಗೋ. “ಎವ್ರಿವನ್ ಹ್ಯಾಸ್ ಅರೈವ್ಡ್” ಇದಕ್ಕ ಟ್ಯಾಗ್ ಏನು? “ಹ್ಯಾವಂಟ್ ದೇ”. ‘ಹ್ಯಾಸಂಟ್ ಹಿ’ ಅಂತ ಬರದ್ರ ಅದ ಕೀ ನಿನಗ ಮಾರ್ಕ್ಸ್ ಕೊಡಂಗಿಲ್ಲ. ವಾಕ್ಯದಾಗ ಹ್ಯಾಸ್ ಸಿಂಗ್ಯುಲರ್, ಟ್ಯಾಗ್‌ದಾಗ ದೇ, ಎರಡೂ ಒಂದ ಎವ್ರಿವನ್‌ಗೆ. ಟ್ಯಾಗ್ ಇದ್ದಲ್ಲಿ ದೇ ಕಂಡು ತಪ್ಪು ಅಂತ ಗುರುತು ಹಾಕಿ ಕೆಟ್ಟವರನ್ನ ನಾ ಭಾಳ ನೋಡೀನಿ.

ಇನ್ನೊಂದು: “ಎವ್ರಿವನ್ ಕ್ಲ್ಯಾಪ್ಡ್ ವೆನ್ ದೇ ಹರ್ಡ್ ದಿ ರಿಸಲ್ಟ್”. ಇಲ್ಲಿ ದೇ ತಗದು ಹಿ ಹಾಕಿ ಓದು. ಎಲ್ಲಾರೂ ಚಪ್ಪಾಳಿ ಹೊಡದ್ರು, ಯಾವನೋ ಬ್ಯಾರೆ ಒಬ್ಬಾವ ರಿಸಲ್ಟ್ ಕೇಳಿದಾಗ, ಅನ್ನೂ ಹಂಗ ಅರ್ಥ ಹೊಳ್ಳತೈತಿ. ಹಿಸ್, ಹರ್ ಕೂಡೂದು ‘ಒಬ್ಬೊಬ್ಬರೂ ತಂತಮ್ಮದು’ ಅನ್ನೂ ಅರ್ಥ ಇದ್ದಾಗ. ಎಲ್ಲಾ ಮಂದಿಯನ್ನ ಒಂದು ಗುಂಪು ಮಾಡಿ ಮುಂದ ಮಾತಾಡೂದಿದ್ರ ದೇನ ಬೇಕು.

ಇಂಡಿ ಲಿಂಬು
ಅಕ್ಕಾರ, ನನಗ ಒಂದು ಹೊಳೀತು. ನಾವು ಕನ್ನಡದಾಗ ‘ಎಲ್ಲಾರೂ ಬಂದಾರ, ತಮ್ಮ ತಮ್ಮ ಪೆನ್ ತಂದಾರ’ ಅಂತೀವಿ, ಎಲ್ಲಾ ಬಹುವಚನ ಅದ. ಅದಕ್ಕ ನನಗ ಎವ್ರಿವನ್ ಹ್ಯಾವ್ ಅಂತ ಬಾಯಿಗೆ ಬರ್ತದ. ನಿಮಗೂ ಹಂಗ ಆಗ್ತದೇನ್ರಿ?

ಟಿಳಕವಾಡಿ ಟೀಚರ್
ಸರಿಯಾಗಿ ಹಿಡದಿ ತಂಗಿ, ತಪ್ಪಿನ ಬೇರು ಅಲ್ಲೇ ಐತಿ. ಎವ್ರಿವನ್ ಬಂದಾಗ ಮನಸ್ಸಿನ್ಯಾಗ ‘ಎಲ್ಲಾರೂ’ ಅನ್ನಬ್ಯಾಡ, ‘ಒಬ್ಬೊಬ್ಬನೂ’ ಅಂತ ಅನ್ಕೊ, ಆಗ ‘ಬಂದಾನ’ ಅಂತ ಒಬ್ಬರಿಗೆ ತಕ್ಕ ವರ್ಬ್ ತಾನ ಬರ್ತೈತಿ. ಆದ್ರ ಮುಂದ ನೋಡು. ‘ಒಬ್ಬೊಬ್ಬನೂ ತನ್ನ ಪೆನ್ ತಂದಾನ, ಒಬ್ಬೊಬ್ಬಳೂ ತನ್ನ ಪೆನ್ ತಂದಾಳ’, ಎರಡರಾಗೂ ‘ತನ್ನ’ ಒಂದ. ನಮ್ಮ ‘ತನ್ನ’ಕ್ಕ ಗಂಡು ಹೆಣ್ಣು ಇಲ್ಲ, ಒಬ್ಬರಿಗೆ ಸಲ್ಲೂ ಪದ. ಇಂಗ್ಲಿಷ್‌ನಾಗ ಮನಷ್ಯಾರಿಗೆ ಅಂಥಾ ಪದ ಇಲ್ಲ. ಹಿಸ್ ಅಂದ್ರ ಹೆಣ್ಣು ಬಿಟ್ಟು ಹೋಗ್ತಾಳ, ಹಿಸ್ ಆರ್ ಹರ್ ಅಂದ್ರ ವಾಕ್ಯ ಉದ್ದ, ದೇರ್ ಅಂದ್ರ ಬಹುವಚನದ ವಾಸನಿ. ಆ ಖಾಲಿ ಜಾಗಾಕ್ಕ ಜನ ದೇರ್ ಇಟ್ಟಾರ. ನಾವೂ ಬಾಗಲಾ ಬಡಿದಾವ ಯಾರು ಅಂತ ಗೊತ್ತಿಲ್ಲದಾಗ ‘ಯಾರೋ ಬಂದಾರ, ಅವರಿಗೆ ಕೂಡ್ರಾಕ ಹೇಳು’ ಅಂತೀವಲ್ಲ, ಹಂಗ.

ನವನಗರ ಲೈಬ್ರರಿ, ಬಾಗಲಕೋಟೆ
ಇದು ತಿಳೀತ್ರಿ. ಇನ್ನೊಂದು ತೊಡಕ ಐತಿ. “ದಿ ಗರ್ಲ್ಸ್ ಈಚ್ / ಹ್ಯಾವ್ ದೇರ್ ಓನ್ / ಲಾಕರ್ / ನೋ ಎರರ್”. ಈಚ್ ಐತಿ ಅಂತ ನಾ ಎರಡನೇ ಭಾಗ ಟಿಕ್ ಮಾಡಿದೆ, ಅದೂ ತಪ್ಪಾತು.

ಜಮಖಂಡಿ ಹುಡುಗ
ಇದರಾಗ ಕೀನ ತಪ್ಪಿರ್ಬೇಕು. ಈಚ್ ಇದ್ದಮ್ಯಾಲ ಹ್ಯಾಸ್ ಹರ್ ಆಗ್ಬೇಕಲ್ಲ.

ಟಿಳಕವಾಡಿ ಟೀಚರ್
ಕೀ ಸರಿ ಐತಿ. ಇಲ್ಲಿ ಸಬ್ಜೆಕ್ಟ್ ದಿ ಗರ್ಲ್ಸ್, ಈಚ್ ಅದರ ಬೆನ್ನಿಗೆ ಬಂದು ಕೂತೈತಿ ಅಷ್ಟ. ಈಚ್ ತಗದು ಓದಿದ್ರೂ ವಾಕ್ಯ ನಿಲ್ತೈತಿ, ‘ದಿ ಗರ್ಲ್ಸ್ ಹ್ಯಾವ್ ದೇರ್ ಓನ್ ಲಾಕರ್’. ಅಂದ್ರ ವರ್ಬ್, ಪ್ರೊನೌನ್ ಎರಡೂ ಗರ್ಲ್ಸ್ ಹಿಂದ ಹೋಗ್ತಾವ. ‘ಈಚ್ ಆಫ್ ದಿ ಗರ್ಲ್ಸ್’ ಒಳಗ ಈಚ್ ತಗದು ನೋಡ್ರಿ, ‘ಆಫ್ ದಿ ಗರ್ಲ್ಸ್’ ಅಷ್ಟ ಉಳೀತೈತಿ, ವಾಕ್ಯ ಬಿದ್ದು ಹೋಗ್ತೈತಿ. ಅಲ್ಲಿ ಈಚ್‌ನ ಸಬ್ಜೆಕ್ಟ್. ಈಚ್ ಕಂಡಾಗೆಲ್ಲಾ ಅದನ್ನ ಬೆರಳಲೆ ಮುಚ್ಚಿ ಓದ್ರಿ, ಎರಡು ಸೆಕೆಂಡಿನ್ಯಾಗ ಗೊತ್ತಾಗ್ತೈತಿ.

ಗೋಳಗುಮ್ಮಟ ನೆರಳು
ಅದನ್ನೆಲ್ಲಾ ಒಪ್ಪಿದೆ. ಆದ್ರ ಕ್ಯಾಂಡಿಡೇಟ್ಸ್ ವಾಕ್ಯದ ಬಗ್ಗೆ ನನ್ನ ಮಾತು ನಾ ಬಿಡಂಗಿಲ್ಲ. ನೋ ಎರರ್ ಅಂತ ಆಪ್ಷನ್ ಕೊಟ್ಟಮ್ಯಾಲ ಇವತ್ತಿನ ಇಂಗ್ಲಿಷ್ ಬಲ್ಲಾವ ಅದನ್ನ ಹಾಕಿದ್ರ ಅವಂಗ ಮಾರ್ಕ್ಸ್ ಕಟ್ ಮಾಡೂದು ಅನ್ಯಾಯ. ಮೊದಲು ನಾ ಹೋಗ್ತಿದ್ದ ಕೋಚಿಂಗ್‌ನಾಗ ಈ ಥರಾ ಎರಡು ಪ್ರಶ್ನೆಗೆ ಎರಡು ಥರಾ ಕೀ ಕೊಟ್ಟಿದ್ರು, ಕೇಳಿದ್ರ ‘ಬಾಯಿಪಾಠ ಮಾಡು’ ಅಂದ್ರು.

ಟಿಳಕವಾಡಿ ಟೀಚರ್
ಎರಡು ಥರಾ ಕೀ ಬರೂದು ನಾನೂ ಕಂಡೀನಿ, ಅದಕ್ಕ ನಾ ಇದನ್ನ ಖಾತ್ರಿ ಅನ್ನಂಗಿಲ್ಲ. ಮಿಶ್ರ ಗುಂಪಿದ್ದು, ಬ್ಯಾರೆ ಎಲ್ಲೂ ತಪ್ಪಿಲ್ಲಂದ್ರ ಎಸ್‌ಎಸ್‌ಸಿ ಥರದ ಪರೀಕ್ಷಾಕ್ಕ ನಾ ದೇರ್ ಇದ್ದ ಭಾಗ ಟಿಕ್ ಮಾಡ್ರಿ ಅಂತ ಹೇಳ್ತೀನಿ. ಬಿಟ್ಟು ಬರೂದು ಬ್ಯಾಡ. ಟಿಯರ್ 1ರಾಗ ಸರಿ ಇದ್ರ 2 ಮಾರ್ಕ್ಸ್, ತಪ್ಪಾದ್ರ 0.50 ಕಟ್. ಇಂಥಾ ನಾಲ್ಕ ಪ್ರಶ್ನೆದಾಗ ಎರಡ ಸರಿ ಬಂದ್ರೂ 4 ಸಿಕ್ಕು 1 ಹೋಗ್ತೈತಿ, ಕೈಯಾಗ 3 ಉಳೀತಾವ. ಬಿಟ್ರ ಸೊನ್ನಿ.

ಕಣದಾಳ ಕ್ರಾಸ್ ವಕೀಲ
ಅಬ್ಜೆಕ್ಷನ್ ಹಾಕೂದಿದ್ರ ‘ಇದು ಸರಿ ಅನ್ಸತದ’ ಅಂತ ಬರ್ಯೂದ್ ಬ್ಯಾಡ್ರಿ, ಯಾವ ಡಿಕ್ಷನರಿ, ಯಾವ ಪುಟ ಅಂತ ಪ್ರತಿ ಹಚ್ಚಿ ಕೊಡ್ರಿ. ಆದ್ರ ಹಳೇ ಗ್ರಾಮರ್ ಪುಸ್ತಕದ ಪುಟಾನೂ ಎದುರಿಗೆ ಬರ್ತದ, ಆವಾಗ ಯಾರು ಗೆಲ್ತಾರ ಅಂತ ನಾ ಹೇಳಲಾರೆ.

ನವನಗರ ಲೈಬ್ರರಿ, ಬಾಗಲಕೋಟೆ
ಟೀಚರ್, ಇವತ್ತ ಹಳೇ ಮಾಕ್ ತಗದು ನೀವು ಹೇಳಿದಂಗ ವರ್ಬ್ ಮೊದಲು ನೋಡಿದೆ. ಈಚ್, ಎವ್ರಿವನ್ ಇದ್ದ ಒಂಬತ್ತು ಪ್ರಶ್ನೆದಾಗ ಐದರಾಗ ತಪ್ಪಿದ್ದದ್ದು ವರ್ಬ್‌ನಾಗ, ನಾ ಹಿಂದ ಮೂರಕ್ಕ ದೇರ್ ಟಿಕ್ ಮಾಡಿದ್ದೆ. ಒಂದು ಉಳದೈತ್ರಿ: “ಎವ್ರಿ ಮ್ಯಾನ್ ಆಂಡ್ ವುಮನ್ / ಇನ್ ದಿ ವಿಲೇಜ್ / ಹ್ಯಾಸ್ ಕಾಸ್ಟ್ ದೇರ್ ವೋಟ್”. ಇದಕ್ಕ ಹಿಸ್ ಹಾಕಿದ್ರ ವುಮನ್ ಎದುರಿಗೇ ಕೂತಾಳಲ್ರಿ?

ಗೋಳಗುಮ್ಮಟ ನೆರಳು
ಅದನ್ನ ನಾ ಮೊದಲಿನಿಂದ ಕೇಳಾಕತ್ತಿದ್ದು.