ಪದಚರ್ಚೆ: ತೃಪ್ತಿ, ಖುಷಿ, ಸರದಿ ಸಾಲು (ಆಟಕ್ಕೆ ಬೇಕು, ನಾಳೆಯೊಳಗೆ)

ಎಲ್ಲರಿಗೂ ನಮಸ್ಕಾರ. ರೋಲರ್‌ಕೋಸ್ಟರ್ ಟೈಕೂನ್ ಆಟದ ಮುಕ್ತ ಆವೃತ್ತಿ ಓಪನ್‌ಆರ್‌ಸಿಟಿ2ಗೆ ನಾನೂ ನನ್ನ ಗೆಳೆಯನೂ ಕನ್ನಡ ಹಾಕುತ್ತಿದ್ದೇವೆ. ಮೂರು ಸಾಲುಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.

```
Happiness:
Satisfaction: 42%
Queue time: 9 minutes
```

ಮೊದಲನೆಯದು ಪಾರ್ಕಿಗೆ ಬಂದ ಒಬ್ಬೊಬ್ಬರ ಕಿಟಕಿಯಲ್ಲಿ ಬರುತ್ತದೆ. ಉಳಿದೆರಡು ಸವಾರಿಯ ಕಿಟಕಿಯಲ್ಲಿ. ಗೆಳೆಯ ಮೊದಲೆರಡಕ್ಕೂ 'ತೃಪ್ತಿ' ಅಂತ ಹಾಕಿಬಿಟ್ಟಿದ್ದಾನೆ. ನಾಳೆ ಸಂಜೆ ಫೈಲ್ ಕಳಿಸಬೇಕು. ಒಂದೇ ಪದ ಸಾಕಾ?
– ತುಮಕೂರಿನಿಂದ

ತೃಪ್ತಿ ಯಾಕೆ? 'ತಣಿ' ಅನ್ನೋ ಧಾತು ನಮ್ಮದೇ ಇದೆ. ಹೊಟ್ಟೆ ತಣಿಯಿತು, ಮನಸ್ಸು ತಣಿಯಿತು ಅಂತೀವಲ್ಲ. ಎರಡಕ್ಕೂ 'ತಣಿವು' ಹಾಕಿ, ಮುಗೀತು. ಮೂರನೆಯದಕ್ಕೆ ಏನೇ ಹಾಕಿ, 'ಪಾಳಿ' ಮಾತ್ರ ಬೇಡ.
– ಕುಣಿಗಲ್

ನಮ್ಮೂರ ಆಸ್ಪತ್ರೆಯಲ್ಲೂ ಇದೇ ಗೋಳು ಸಾರ್. ಟೋಕನ್ ಕಿಟಕಿ ಮೇಲೆ ಒಂದು ಪದ, ಕೆಳಗೆ ಇನ್ನೊಂದು. ಹೋದ ವಾರ ಅಮ್ಮನನ್ನು ಕರೆದುಕೊಂಡು ಹೋಗಿ ತಪ್ಪು ಸಾಲಲ್ಲಿ ಮುಕ್ಕಾಲು ಗಂಟೆ ನಿಂತೆ. ಈಗ ನನ್ನ ಲ್ಯಾಬಿಗೆ ನಾನೇ ಬೋರ್ಡ್ ಬರೆಸಬೇಕು. 'ಸರದಿ ಸಾಲು' ಸರಿಯಾ, 'ಸರತಿ ಸಾಲು' ಸರಿಯಾ?
– ಮಾಲೂರು

ತುಮಕೂರಿನವರೇ, ಒಂದೇ ಪದ ಹಾಕಿದರೆ ಆಟವೇ ಅರ್ಥವಾಗಲ್ಲ. ಆ ಕೋಡ್ ನಾನು ಓದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲನೆಯದು ಆ ಮನುಷ್ಯನ ಈಗಿನ ಮನಸ್ಸು. ಎರಡನೆಯದು ಸವಾರಿಗೆ ಬಿದ್ದ ಅಂಕ. ಒಬ್ಬ ಇಳಿದಾಗ ಆಟ ಒಂದು ಲೆಕ್ಕ ಹಾಕುತ್ತದೆ. ಸವಾರಿಯ ರಭಸ ಅವನಿಗೆ ಹಿಡಿಸಿತೇ, ಕೊಟ್ಟ ಕಾಸಿಗೆ ತಕ್ಕದ್ದಾಯಿತೇ ಅಂತ. ಅದಕ್ಕೆ ಸಾಲಿನಲ್ಲಿ ನಿಂತ ಹೊತ್ತನ್ನು ಸೇರಿಸುತ್ತದೆ. ಎಣಿಕೆ 750ರೊಳಗಿದ್ದರೆ 10 ಅಂಕ ಜಾಸ್ತಿ, 2250 ಮುಟ್ಟಿದರೆ 10 ಕಮ್ಮಿ, 4500 ಮುಟ್ಟಿದರೆ 35 ಕಮ್ಮಿ. ಉಳಿದ ಲೆಕ್ಕದಲ್ಲಿ ಒಬ್ಬನಿಗೆ 35 ಬಂತು ಅನ್ನಿ. ಬೇಗ ಹತ್ತಿದ್ದರೆ 45 ಆಗುತ್ತದೆ. 40 ಮುಟ್ಟಿದರೆ ಮೇಲಿನ ದರ್ಜೆ. ಅದೇ ಮನುಷ್ಯ, ಅದೇ ಸವಾರಿ, ತುಂಬಾ ಹೊತ್ತು ನಿಂತಿದ್ದರೆ ಸೊನ್ನೆ. ಅವನನ್ನು ಕುಣಿಸಿದ್ದು ಸವಾರಿಯಲ್ಲ, ಸಾಲು.

ಈಗ ಸಾಲಿನ ದಾರಿಯಲ್ಲಿ ಟಿವಿ ಹಾಕಿ ನೋಡಿ. ನಿಂತವರ ಮನಸ್ಸು ಇಳಿಯುವುದು ತಪ್ಪುತ್ತದೆ, ಏರುತ್ತದೆ ಕೂಡ. ಸವಾರಿಯ ಅಂಕ ಕಳೆಯುವ ಆ ಎಣಿಕೆ ಮಾತ್ರ ಟಿವಿಯನ್ನು ನೋಡುವುದೇ ಇಲ್ಲ. ಒಂದು ಏರಿ, ಇನ್ನೊಂದು ಕೆಳಗೇ ಉಳಿಯಬಹುದು. ಎರಡಕ್ಕೂ 'ತಣಿವು' ಅಂದರೆ ಆಡುವವನು ಟಿವಿ ಮೇಲೆ ಟಿವಿ ಹಾಕಿ ತಲೆ ಚಚ್ಚಿಕೊಳ್ಳುತ್ತಾನೆ. ಅವನು ಮಾಡಬೇಕಾದ್ದು ಸಾಲಿನ ದಾರಿಯನ್ನೇ ಕತ್ತರಿಸುವುದು, ಇಲ್ಲವೇ ಇನ್ನೊಂದು ರೈಲು ಬಿಡುವುದು. ಸಾಲು ತುಂಬಿದ್ದರೆ ಬಂದವನು ವಾಪಸ್ ಹೋಗಿ ಬೇರೆ ಕಡೆ ಕಾಸು ಬಿಚ್ಚುತ್ತಾನೆ. ಸಾಲಿನಲ್ಲಿ ನಿಂತವನು ಅಂಗಡಿಗೆ ಹೋಗುವ ಹಾಗಿಲ್ಲವಲ್ಲ. ಉದ್ದ ಸಾಲು ನೋಡಿ ಲಾಭ ಅಂತ ಹಿಗ್ಗುವವರು ಎಡವುವುದು ಇಲ್ಲೇ.

ನನ್ನ ಮತ: ಖುಷಿ, ತೃಪ್ತಿ.
– ಚಿಂತಾಮಣಿ

ಖುಷಿ ಪಾರಸಿ.
– ಕುಣಿಗಲ್

ಅರಬ್ಬಿಯಿಂದ ಬಂದ ಕುರ್ಚಿ ಮೇಲೆ ಕೂತು ಟೈಪ್ ಮಾಡ್ತಿದ್ದೀರಲ್ವಾ?
– ಚಿಂತಾಮಣಿ

ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದೇನೆ. ಬಂದದ್ದೆಲ್ಲ ಬರಲಿ ಅಂತ ಬಾಗಿಲು ತೆಗೆದಿಟ್ಟೇ ಹಿಂಗಾಗಿದ್ದು. ಎರಡು ಪದ ಬೇಕೇ ಬೇಕು ಅಂದರೆ 'ನಲಿವು', 'ತಣಿವು'.
– ಕುಣಿಗಲ್

'ನಲಿವು' ಚೆನ್ನಾಗಿದೆ ಸಾರ್, ಒಪ್ಪಿದೆ. ಆದರೆ ವಾಂತಿ ಮಾಡಿಕೊಳ್ತಾ ನಿಂತವನ ಕಿಟಕಿಯಲ್ಲಿ 'ನಲಿವು' ಅಂತ ಒಂದು ಖಾಲಿ ಪಟ್ಟಿ ಇದ್ದರೆ ಪದ್ಯದ ಥರ ಕಾಣುತ್ತೆ. ಇನ್ನೊಂದು ಕೇಳಬೇಕು. ಇದಾದ ಮೇಲೆ 1997ರ ಥೀಮ್ ಹಾಸ್ಪಿಟಲ್‌ಗೂ ಕೈ ಹಾಕೋಣ ಅಂತಿದ್ದೇವೆ. ಅಲ್ಲೂ ಇದೇ ಜೋಡಿ ನಡೆಯುತ್ತಾ?
– ತುಮಕೂರಿನಿಂದ

ಅಲ್ಲಿ ರೋಗಿಯ ಮನಸ್ಸಿನ ಪಟ್ಟಿ ಒಂದೇ, ಖುಷಿ ಸಾಕು. ಸಾಲು ಕೋಣೆಯ ಬಾಗಿಲಿಗೊಂದು. ಎಷ್ಟು ಜನ ನಿಲ್ಲಬಹುದು ಅಂತ ನೀವೇ ಕಟ್ಟು ಹಾಕಬಹುದು, ಒಬ್ಬರನ್ನು ಎಳೆದು ಮುಂದೆ ನಿಲ್ಲಿಸಲೂಬಹುದು. ಕಾದು ಬೇಸತ್ತವರು ಎದ್ದು ಮನೆಗೆ ಹೋಗುತ್ತಾರೆ, ಅವರ ದುಡ್ಡೂ ಹೋಯಿತು. ಅಂದಹಾಗೆ ಅಲ್ಲಿ 'ಗಿರಾಕಿ' ಬಳಸಬೇಡಿ. ಲೆಕ್ಕದಲ್ಲಿ ಅವರು ಗಿರಾಕಿಗಳೇ ಇರಬಹುದು, ಓದಲು ಹೇಸಿಗೆ.
– ಚಿಂತಾಮಣಿ

ಸದ್ಯಕ್ಕೆ ಖುಷಿ, ತೃಪ್ತಿ, 'ಕಾಯುವ ಹೊತ್ತು: 9 ನಿಮಿಷ' ಅಂತ ಕಳಿಸುತ್ತೇನೆ. ಸಾಲು ಅನ್ನೋ ಪದವೇ ಬೇಕಾಗಲಿಲ್ಲ. ಕುಣಿಗಲ್ಲಿನವರು ಬೈಯಬಾರದು.
– ತುಮಕೂರಿನಿಂದ

ಬೈಯಲ್ಲ. ಈ ಗುಂಪಿಗೆ ಬರೆಯೋದನ್ನ ಕಮ್ಮಿ ಮಾಡ್ತೀನಿ.
– ಕುಣಿಗಲ್

ಸಾರ್, ಸರದಿನಾ ಸರತಿನಾ? ಪೇಂಟರ್ ಬಂದು ಕೂತಿದ್ದಾನೆ.
– ಮಾಲೂರು