‘ಹಾಳೂರಿಗೆ ಉಳಿದವನೇ ಗೌಡ’ – ಇಂಗ್ಲಿಷಲ್ಲಿ ಹೇಗೆ ಹೇಳೋದು?

ಎಲ್ರಿಗೂ ನಮಸ್ಕಾರ. ಎರಡು ದಿನದಿಂದ ಒಂದು ಗಾದೆ ಹತ್ರ ಸಿಕ್ಕಾಕೊಂಡಿದೀನಿ. ನಮ್ಮೂರ ಹಾಲಿನ ಸೊಸೈಟಿ ಬಗ್ಗೆ ಒಂದು ವಿಡಿಯೋಗೆ ಇಂಗ್ಲಿಷ್ ಸಬ್‌ಟೈಟಲ್ ಬರೀತಿದೀನಿ, ಅದ್ರಲ್ಲಿ ಹಳೇ ಅಧ್ಯಕ್ಷರೊಬ್ರು ಹೇಳ್ತಾರೆ: “ಆ ವರ್ಷ ಡೈರೆಕ್ಟ್ರುಗಳೆಲ್ಲ ಒಬ್ಬೊಬ್ರೇ ರಾಜೀನಾಮೆ ಕೊಟ್ಟು ಹೋದ್ರು, ಡೈರಿಗೆ ಹಾಲು ಹಾಕೋರು ಹತ್ತು ಮನೆಯೋರು ಉಳಿದ್ರು, ಹಾಳೂರಿಗೆ ಉಳಿದವ್ನೇ ಗೌಡ ಅಂತಾರಲ್ಲ, ಹಂಗೆ ನಾನು ಅಧ್ಯಕ್ಷ ಆದೆ.” ಹೇಳಿ ನಕ್ಕು, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸ್ಕೋತಾರೆ. ನಾನು ಮೊದ್ಲು ಪದಕ್ಕೆ ಪದ ಇಟ್ಟು ‘ಫಾರ್ ಎ ರೂಯಿನ್ಡ್ ವಿಲೇಜ್, ದಿ ಒನ್ ಹೂ ರಿಮೇನ್ಸ್ ಈಸ್ ಗೌಡ’ ಅಂತ ಬರ್ದೆ. ಕನ್ನಡ ಬರದ ಗೆಳತಿಗೆ ತೋರಿಸಿದ್ರೆ ಅವಳು ಕೇಳಿದ್ದು, “ಊರು ಯಾಕೆ ಹಾಳಾಯ್ತು, ಭೂಕಂಪನಾ? ಗೌಡ ಅಂದ್ರೆ ಯಾರು?” ಜಾಗ ಇರೋದು ಎರಡೇ ಸಾಲು, ಅಡಿಟಿಪ್ಪಣಿ ಹಾಕೋ ಹಾಗಿಲ್ಲ. ದಾರಿ ತೋರ್ಸಿ.

ಮೈಸೂರಿಂದ ಉತ್ತರ:
ಇದಕ್ಕೆ ಇಂಗ್ಲಿಷಲ್ಲಿ ರೆಡಿ ಗಾದೆನೇ ಇದೆಯಲ್ಲ, ಕುರುಡರ ರಾಜ್ಯದಲ್ಲಿ ಒಕ್ಕಣ್ಣನೇ ರಾಜ ಅನ್ನೋದು. ಸ್ಕೂಲಲ್ಲಿ ನಮಗೆ ಹಾಗೇ ಹೇಳ್ಕೊಟ್ಟಿದ್ದು. ಅದನ್ನೇ ಹಾಕಿ ಮುಗ್ಸಿ.

ಬೆಂಗಳೂರಿಂದ ಉತ್ತರ:
ಅದು ಬೇಡ ಸರ್. ಹತ್ರ ಬರುತ್ತೆ ನಿಜ, ಆದ್ರೆ ಇಲ್ಲಿ ಪೂರ್ತಿ ಕೆಡಿಸುತ್ತೆ. ಒಕ್ಕಣ್ಣನಿಗೆ ಒಂದು ಕಣ್ಣಾದ್ರೂ ಇದೆ, ಬೇರೆಯವ್ರಿಗಿಂತ ಅಷ್ಟು ಮೇಲು ಅಂತ ರಾಜ ಆದ. ನಮ್ಮ ಗಾದೆಯವನಿಗೆ ಯಾವ ಹೆಚ್ಚುಗಾರಿಕೆನೂ ಬೇಕಿಲ್ಲ, ಮಿಕ್ಕವ್ರೆಲ್ಲ ಊರು ಬಿಟ್ರು, ಇವನು ಇದ್ದ, ಅಷ್ಟೇ. ಗಾದೆ ತರ್ಜುಮೆ ಮಾಡುವಾಗ ನಾನು ಮೊದ್ಲು ನೋಡೋದು ಯಾರು ಯಾರ ಬಗ್ಗೆ ಹೇಳ್ತಿದಾರೆ ಅಂತ. ಇದನ್ನ ಇನ್ನೊಬ್ಬರ ಬಗ್ಗೆ ಅಂದ್ರೆ ಚುಚ್ಚುಮಾತು, ತನ್ನ ಬಗ್ಗೆನೇ ಅಂದ್ಕೊಂಡ್ರೆ ವಿನಯ. ಆ ಹಿರಿಯರ ಬಾಯಲ್ಲಿ ಒಕ್ಕಣ್ಣನ ಗಾದೆ ಇಟ್ರೆ ಹಾಲು ಹಾಕೋ ಹತ್ತು ಮನೆಯವ್ರನ್ನೂ ಕುರುಡರು ಅಂದಂಗಾಯ್ತು, ವಿನಯ ಹೋಗಿ ಜಂಬ ಬಂತು. ‘ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್’ ಕೂಡ ಆಗಲ್ಲ, ಅದ್ರಲ್ಲಿ ಎಲ್ರನ್ನೂ ಸೋಲ್ಸಿ ಗೆದ್ದವನ ವಾಸನೆ ಇದೆ.

ಇನ್ನು ‘ರೂಯಿನ್ಡ್’ ತೆಗೀರಿ, ಭೂಕಂಪ ಬಂದಿದ್ದು ಅಲ್ಲಿಂದ್ಲೇ. ಹಾಳೂರು ಅಂದ್ರೆ ಜನ ಬಿಟ್ಟು ಹೋದ ಊರು. ಕಂದಾಯದ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತಾರಲ್ಲ, ಹೆಸರಿದೆ, ಸರ್ವೆ ನಂಬರಿದೆ, ದೀಪ ಹಚ್ಚೋರಿಲ್ಲ, ಅಂಥದ್ದು. ನಾನಾದ್ರೆ ಹೀಗೆ ಬರೀತೀನಿ: ‘ವೆನ್ ಎವ್ರಿಒನ್ ಲೀವ್ಸ್, ಹೂಎವರ್ ಸ್ಟೇಸ್ ಈಸ್ ಹೆಡ್‌ಮನ್.’ ಊರು ಅನ್ನೋ ಪದ ಹೋಯ್ತು, ಚಿತ್ರ ಉಳೀತು.

ಹಾಸನದಿಂದ ಉತ್ತರ:
ಗೌಡ ಅಂತ ಜಾತಿ ಹೆಸರು ಬರೋದ್ರಿಂದ ಗಾದೆನೇ ಬಿಡೋದು ಒಳ್ಳೇದು, ಸುಮ್ನೆ ಯಾರಿಗೋ ನೋವು ಯಾಕೆ.

ಬೆಂಗಳೂರಿಂದ ಮತ್ತೆ:
ಇಲ್ಲಿ ಗೌಡ ಅನ್ನೋದು ಜಾತಿ ಅಲ್ಲ ಸರ್, ಹುದ್ದೆ. ಊರ ಪಟೇಲ. 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆ ಬರೋ ತನಕ ಅಪ್ಪನಿಂದ ಮಗನಿಗೆ ಬರ್ತಿದ್ದ ಹುದ್ದೆ. ಮನೆತನ ನೋಡಿ ಸಿಗೋ ಪಟ್ಟ ಕೊನೆಗೆ ಯಾರು ಉಳಿದ್ರೋ ಅವ್ರ ತಲೆಗೆ ಬಂತು ಅನ್ನೋದ್ರಲ್ಲೇ ಗಾದೆ ಖಾರ ಇರೋದು. ಅದಕ್ಕೇ ‘ಲೀಡರ್’ ಅನ್ನದೆ ‘ಹೆಡ್‌ಮನ್’ ಅಂದೆ.

ಧಾರವಾಡದಿಂದ ಉತ್ತರ:
ನಮ್ಮ ಆಫೀಸ್ನ್ಯಾಗೂ ಹಿಂಗ ಆಗಿತ್ರಿ. ವರ್ಷಗಟ್ಲೆ ಕೂಡಿಸಿದ್ದ ಫೈಲ್ ಒಂದ ಕ್ಲಿಕ್‌ಗೆ ಹೋತು, ನಾ ‘ಕುಂಬಾರಗ ವರುಷ, ದೊಣ್ಣೆಗೆ ನಿಮಿಷ’ ಅಂದ್ರ, ರಿಪೋರ್ಟ್ ಬರದವ್ರು ರೋಮ್ ಒಂದ ದಿನದಾಗ ಕಟ್ಟಿದ್ದಲ್ಲ ಅಂತ ಇಂಗ್ಲಿಷ್‌ನ್ಯಾಗ ಹಾಕಿಬಿಟ್ರು. ಓದಿದವ್ರು ಏನೋ ಕಟ್ಟಾಕತ್ತೀವಿ, ತಡಾ ಆಗ್ತದ ಅಂದ್ಕೊಂಡ್ರು. ಕುಂಬಾರ ಬಂದ, ದೊಣ್ಣೆನ ಬರಲಿಲ್ಲ ನೋಡ್ರಿ. ಅದಕ್ಕ ರೆಡಿ ಗಾದಿ ಅಂದ್ರ ನನಗ ಅಂಜಿಕಿ. ಆದ್ರ ‘ಹೆಡ್‌ಮನ್’ ಅಂದ್ರ ಹೊರಗಿನವ್ರಿಗೆ ತಿಳೀತದೇನ್ರಿ?

ಮತ್ತೆ ನಾನೇ:
ತುಂಬಾ ಥ್ಯಾಂಕ್ಸ್. ‘ಹೆಡ್‌ಮನ್’ ಗೆಳತಿಗೆ ತಕ್ಷಣ ತಿಳೀತು ಮೇಡಂ. ಸಾಲು ಹಾಕಿ ಅವಳಿಗೆ ಮತ್ತೆ ತೋರಿಸ್ದೆ, ಭೂಕಂಪ ಹೋಯ್ತು, ಆದ್ರೆ ಈ ಸಲ “ಎಲ್ರೂ ಹೋದ್ರೂ ಇವ್ರು ಹೋಗ್ಲಿಲ್ಲ, ಗಟ್ಟಿ ಮನುಷ್ಯ” ಅಂದ್ಲು. ಅದು ‘ಸ್ಟೇಸ್’ ಪದದಿಂದ ಬಂತು ಅನ್ಸುತ್ತೆ, ಬೇಕೂಂತ ನಿಂತವನು ಅನ್ನೋ ಅರ್ಥ. ‘ಹೂಎವರ್ ಈಸ್ ಲೆಫ್ಟ್’ ಅಂದ್ರೆ ಬರೀ ಮಿಕ್ಕವನು. ಕನ್ನಡದ ‘ಉಳಿದವನು’ ಎರಡನ್ನೂ ಒಟ್ಟಿಗೆ ಹೇಳ್ಬಿಡುತ್ತೆ, ಇಂಗ್ಲಿಷಲ್ಲಿ ಒಂದನ್ನ ಆರಿಸ್ಲೇಬೇಕು.

ಬೆಂಗಳೂರಿಂದ:
ಒಳ್ಳೇ ಕಡೆ ಹಿಡಿದ್ರಿ, ನಾನು ಅದನ್ನ ಗಮನಿಸಿರಲಿಲ್ಲ. ಗಾದೆ ಮಟ್ಟಿಗೆ ‘ಲೆಫ್ಟ್’ ಸರಿ. ಆದ್ರೆ ಆ ನಗು ನಾನು ನೋಡಿಲ್ಲ, ನೀವು ನೋಡಿದೀರ.

ನಾನು:
ಸದ್ಯಕ್ಕೆ ‘ಲೆಫ್ಟ್’ ಹಾಕಿದೀನಿ. ಭಾನುವಾರ ಊರಿಗೆ ಹೋಗ್ತೀನಿ, ಆ ವರ್ಷ ನೀವ್ಯಾಕೆ ರಾಜೀನಾಮೆ ಕೊಡ್ಲಿಲ್ಲ ಅಂತ ಅವ್ರನ್ನೇ ಕೇಳಿ ಆಮೇಲೆ ಫೈನಲ್ ಮಾಡ್ತೀನಿ.